ಒಮ್ಮೆ ಮಾತ್ರ ಬಂದ ಮಾತು

ಈಗ್ಗೆ ನಲವತ್ತು ವರ್ಷಗಳ ಹಿಂದಿನ ಸಂಗತಿ. ಆಗ ನಾನು ಔರಾದ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಹುಟ್ಟಿ ಬೆಳೆದದ್ದು ಭಾಲ್ಕಿಯಲ್ಲಿ, ಓದಿದ್ದು ಬೀದರಿನಲ್ಲಿ. ಆದ್ದರಿಂದ ಈ ಸೀಮೆಯ ಮಾತು ನನಗೆ ಹೊಸದೇನೂ ಆಗಿರಲಿಲ್ಲ. ಆದರೂ ಕನ್ನಡ ಮೇಷ್ಟರೆಂದಮೇಲೆ ಹುಡುಗರ ಮಾತನ್ನು ತಿದ್ದಬೇಕು ಎಂಬ ಹುರುಪು ಆ ವಯಸ್ಸಿನಲ್ಲಿ ಇದ್ದೇ ಇರುತ್ತದೆ.

ಒಂದು ಪರೀಕ್ಷೆಯಲ್ಲಿ 'ನಮ್ಮ ಹೊಲ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದ್ದೆ. ಒಬ್ಬ ಹುಡುಗ 'ಬೆಳಿಗ್ಗೆ ಪಾಳಿದಾರನು ಬಾವಿಗೆ ಬಂದನು' ಎಂದು ಬರೆದಿದ್ದ. ಅಂಥ ಮಾತನ್ನು ನಾನು ಎಲ್ಲಿಯೂ ಓದಿರಲಿಲ್ಲ. ನಿಘಂಟಿನಲ್ಲಿ ಹುಡುಕಿದೆ, ಸಿಕ್ಕಲಿಲ್ಲ. ಕೆಂಪು ಶಾಯಿಯಿಂದ ಅದನ್ನು ಹೊಡೆದುಹಾಕಿ, ಮೇಲೆ 'ಪಾಳಿಗಾರ' ಎಂದು ತಿದ್ದಿ, ಅರ್ಧ ಅಂಕ ಕಳೆದೆ. 'ದಾರ' ಎಂಬುದು ಕಚೇರಿಯಿಂದ ಬಂದ ಪಾರಸಿ ಬಾಲ, 'ಗಾರ' ಎಂಬುದು ನಮ್ಮ ವ್ಯಾಕರಣದಲ್ಲಿ ಹೇಳಿದ ಪ್ರತ್ಯಯ ಎಂಬುದು ನನ್ನ ವಾದವಾಗಿತ್ತು.

ಪತ್ರಿಕೆ ಹಂಚಿದ ದಿನ ಆ ಹುಡುಗ ಎದ್ದು ನಿಂತು, 'ಸರ್, ಬಾವಿ ನೀರಿಗಿ ಪಾಳಿ ಇರ್ತದ್ರಿ. ಇವತ್ತ್ ಯಾರ ಪಾಳಿ ಅದನೋ ಅಂವ ಪಾಳಿದಾರ. ಪಾಳೇಗಾರ ಅಂದ್ರ ಕುದರಿ ಮ್ಯಾಲ್ ಬರಾಂವ ಅಲ್ಲೇನ್ರಿ?' ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಕಳೆದ ಅರ್ಧ ಅಂಕವನ್ನು ಹಿಂದಕ್ಕೆ ಕೊಡಲಿಲ್ಲ.

ಆ ಹುಡುಗ ಸರಿಯೋ ನಾನು ಸರಿಯೋ ಎಂಬುದನ್ನು ತೀರ್ಮಾನಿಸಲು ನನಗೆ ಬಹುಕಾಲ ಹಿಡಿಯಿತು. ಅದನ್ನು ತೀರ್ಮಾನಿಸುವ ಒಂದು ಅಳತೆಗೋಲು ಲೋಕದಲ್ಲಿ ಉಂಟೆಂಬುದು, ಅದೂ ಒಂದೇ ಸಲ ಕಾಣಿಸಿಕೊಂಡು ಮಾಯವಾಗುವ ಇಂಥ ಮಾತುಗಳಿಂದಲೇ ಮಾಡಿದ ಅಳತೆಗೋಲೆಂಬುದು, ನನಗೆ ತಿಳಿದದ್ದು ಕೆಲಸದಿಂದ ನಿವೃತ್ತನಾಗಿ ಬೀದರಿಗೆ ಬಂದು ನೆಲೆಸಿದ ಮೇಲೆ. ಆ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಮೊದಲು ಪ್ರತ್ಯಯಗಳ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡೋಣ. ಒಂದು ಕೆಲಸವನ್ನು ಮಾಡುವವನು, ಅಥವಾ ಒಂದು ವಸ್ತುವನ್ನು ಉಳ್ಳವನು ಎಂಬ ಅರ್ಥ ಬರುವಂತೆ ಹೆಸರು ಕಟ್ಟಲು ಕನ್ನಡದಲ್ಲಿ ಮುಖ್ಯವಾಗಿ ಮೂರು ಬಾಲಗಳಿವೆ. ಒಂದು 'ಇಗ': ಗಾಣಿಗ, ಲೆಕ್ಕಿಗ, ಕನ್ನಡಿಗ. ಇದು ನಮ್ಮ ಮನೆಯದು. ಎರಡನೆಯದು 'ಗಾರ': ಮಾತುಗಾರ, ಬೇಟೆಗಾರ, ತೋಟಗಾರ. ಇದು ಸಂಸ್ಕೃತದ 'ಕಾರ'ದಿಂದ ಬಂದು, ಶತಮಾನಗಳ ಹಿಂದೆಯೇ ನಮ್ಮ ಮನೆಯ ಮಗನಂತೆ ಆಗಿಹೋಗಿದೆ. ಈ ಬಗೆಯ ರೂಪಗಳಿಗೆ ನಮ್ಮ ವ್ಯಾಕರಣಗಳು ತದ್ಧಿತಗಳೆಂಬ ಹೆಸರು ಕೊಟ್ಟಿವೆ. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಇವಕ್ಕೆಂದೇ ಒಂದು ಪ್ರಕರಣವಿದೆ. ಮೂರನೆಯದು 'ದಾರ'. ಪಾರಸಿಯಲ್ಲಿ ಹಿಡಿದಿರುವುದು, ಹೊಂದಿರುವುದು ಎಂಬರ್ಥದ ಧಾತುವಿನಿಂದ ಹುಟ್ಟಿದ್ದು. ಜಾಗೀರನ್ನು ಹಿಡಿದವನು ಜಾಗೀರದಾರ, ಇನಾಮು ಹೊಂದಿದವನು ಇನಾಮದಾರ.

ಈ ಮೂರನೆಯದು ಬೀದರಿಗೆ ಬಂದ ದಾರಿಯನ್ನು ಇಲ್ಲಿಯ ಕೋಟೆ ಕೊತ್ತಲಗಳೇ ಹೇಳುತ್ತವೆ. 1347ರಲ್ಲಿ ಗುಲಬರ್ಗೆಯಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯದ ರಾಜಧಾನಿಯನ್ನು 15ನೆಯ ಶತಮಾನದ ಪೂರ್ವಾರ್ಧದಲ್ಲಿ ಅಹಮದ್ ಷಹ ಬೀದರಿಗೆ ತಂದನು. ಪಾರಸಿ ಆಸ್ಥಾನದ ಭಾಷೆಯಾಯಿತು. 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸಾ ಆ ವಿದ್ಯೆಯ ನೆಲೆಯಾಗಿ ಇಂದಿಗೂ ಅರ್ಧ ನಿಂತಿದೆ. ಬರೀದಶಾಹಿ, ಆದಿಲಶಾಹಿ, ಮೊಗಲಾಯಿ, ಕೊನೆಗೆ ನಿಜಾಮಶಾಹಿ ಎಂದು ಒಡೆಯರು ಬದಲಾದರೂ ದಫ್ತರದ ಮಾತು ಪಾರಸಿಯಾಗಿಯೇ ಉಳಿದು, 19ನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಸ್ಥಾನಕ್ಕೆ ಉರ್ದು ಬಂದಿತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಐನೂರು ವರ್ಷ ಈ ಊರಿನ ರೈತನು ಅರ್ಜಿ ಹಿಡಿದು ನಿಂತದ್ದು ಯಾವನೋ ಒಬ್ಬ 'ದಾರ'ನ ಮುಂದೆಯೇ: ತಹಸೀಲ್ದಾರ, ಜಮಾದಾರ, ಫೌಜದಾರ, ಹವಾಲ್ದಾರ.

ನನ್ನ ತರುಣ ದಿನಗಳಲ್ಲಿ ದಕ್ಷಿಣದ ಕಡೆಯ ಗೆಳೆಯರೊಬ್ಬರು ಶಿಕ್ಷಕರ ಶಿಬಿರದಲ್ಲಿ, 'ಮೇಷ್ಟ್ರೇ, ನಿಮ್ಮ ಕಡೆ ಮಾತಾಡೋದು ಕನ್ನಡವೇನ್ರೀ? ಅರ್ಧ ಉರ್ದು, ಕಾಲು ಮರಾಠಿ!' ಎಂದು ನಗೆಯಾಡಿದ್ದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ನನಗೆ ನಾಟಿತ್ತು. ಹುಡುಗನ 'ಪಾಳಿದಾರ'ನನ್ನು ಹೊಡೆದುಹಾಕಿದ ಕೆಂಪು ಗೀಟಿನ ಹಿಂದೆ ಇದ್ದದ್ದು ವ್ಯಾಕರಣಕ್ಕಿಂತ ಹೆಚ್ಚಾಗಿ ಆ ನಾಚಿಕೆಯೇ ಎಂದು ಈಗ ನನಗೆ ತೋರುತ್ತದೆ.

ಬೀದರಿಗೆ ಬಂದಮೇಲೆ ಹೊತ್ತು ಕಳೆಯಲೆಂದು ವಾಚನಾಲಯಕ್ಕೆ ಹೋಗುತ್ತಿದ್ದೆ. ಒಂದು ದಿನ ಹಳೆಯ ಹಟ ಮರುಕಳಿಸಿತು. ದಾರ, ಗಾರ, ಇಗ, ಈ ಮೂರರಲ್ಲಿ ಕನ್ನಡದಲ್ಲಿ ನಿಜವಾಗಿ ಜೀವಂತವಾಗಿರುವುದು ಯಾವುದು? ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಎಣಿಸತೊಡಗಿದೆ. ವಾರ ಕಳೆಯುವುದರೊಳಗೆ ನನ್ನ ತಪ್ಪು ನನಗೇ ಕಂಡಿತು. 'ದಾರ'ದ ಮುಂದೆ ಗೀಟುಗಳು ಸಾಲಾಗಿ ಬೀಳುತ್ತಿದ್ದುವು. ಆದರೆ ಅವುಗಳಲ್ಲಿ ಬಹುಪಾಲು ಒಬ್ಬನೇ ತಹಸೀಲ್ದಾರನದು! ಸಭೆಗೆ ಬಂದವನು ಅವನು, ಮನವಿ ಸ್ವೀಕರಿಸಿದವನು ಅವನು, ಪರಿಹಾರ ಹಂಚಿದವನು ಅವನು. 'ಇಗ'ದ ಪಟ್ಟಿಯನ್ನು ನೋಡಿದರೆ ಅಲ್ಲಿಯೂ ಹಾಗೆಯೇ. 'ಕನ್ನಡಿಗ' ಎಂಬ ಒಂದೇ ಪದ ಇಡೀ ಪ್ರತ್ಯಯವನ್ನು ಹೆಗಲ ಮೇಲೆ ಹೊತ್ತುಕೊಂಡು ನಿಂತಿತ್ತು. ಒಂದು ಪದ ಎಷ್ಟು ಸಲ ಬರುತ್ತದೆ ಎಂಬುದು ಆ ಪದದ ಅದೃಷ್ಟ. ಅದರಿಂದ ಪ್ರತ್ಯಯದ ಶಕ್ತಿ ತಿಳಿಯುವುದಿಲ್ಲ. ತಹಸೀಲ್ದಾರ ಎಂಬುದನ್ನು ನಾವು 'ತಹಸೀಲ್' ಮತ್ತು 'ದಾರ' ಎಂದು ಪ್ರತಿ ಸಲವೂ ಜೋಡಿಸಿ ಆಡುವುದಿಲ್ಲ. ಇಡಿಯಾಗಿ ಬಾಯಿಗೆ ಬರುತ್ತದೆ.

ಹಾಗಾದರೆ ಬೇರೆ ಬೇರೆ ಪದಗಳು ಎಷ್ಟಿವೆ ಎಂದು ಎಣಿಸೋಣವೆಂದರೆ ಅದಕ್ಕೂ ತೊಡಕಿದೆ. 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ತೆರೆದು ಪಟ್ಟಿ ಮಾಡಬಹುದು. ಆದರೆ ನಿಘಂಟು ಎಂಬುದು ಊರಿನ ಜನನ ಮರಣಗಳೆರಡನ್ನೂ ಒಂದೇ ಪುಸ್ತಕದಲ್ಲಿ ಬರೆದಿಟ್ಟ ಹಾಗೆ. ಎಂಟುನೂರು ವರ್ಷಗಳ ಹಿಂದೆ ಹುಟ್ಟಿದ ಪದಕ್ಕೂ ನಿನ್ನೆ ಹುಟ್ಟಿದ ಪದಕ್ಕೂ ಅದರಲ್ಲಿ ಒಂದೊಂದೇ ಸಾಲು. ಯಾವ ಮನೆಯಲ್ಲಿ ಒಂದು ಕಾಲಕ್ಕೆ ಮಕ್ಕಳು ಬಹಳ ಹುಟ್ಟಿದರು ಎಂದು ಅದು ಹೇಳೀತು. ಈಗಲೂ ತೊಟ್ಟಿಲು ತೂಗುತ್ತಿರುವ ಮನೆ ಯಾವುದು ಎಂದು ಹೇಳಲಾರದು. ನನಗೆ ಬೇಕಾದದ್ದು ಆ ತೊಟ್ಟಿಲ ಲೆಕ್ಕ.

ಆ ಲೆಕ್ಕದ ಕೀಲಿ ಸಿಕ್ಕಿದ್ದು ಒಂದು ಗ್ರೀಕ್ ಹೆಸರಿನಲ್ಲಿ. ಹೋಮರನ ಕಾವ್ಯಗಳನ್ನು ವಿವೇಚಿಸಿದ ಪ್ರಾಚೀನ ವಿದ್ವಾಂಸರು, ಗ್ರಂಥದಲ್ಲಿ ಒಂದೇ ಒಂದು ಸಲ ಬರುವ ಪದಗಳನ್ನು ಗುರುತುಮಾಡಿಕೊಳ್ಳುತ್ತಿದ್ದರು. ಎರಡನೆಯ ಪ್ರಯೋಗದ ಸಹಾಯವಿಲ್ಲದ್ದರಿಂದ ಅವುಗಳ ಅರ್ಥ ಹೇಳುವುದು ಕಷ್ಟವಾಗಿತ್ತು. ಅಂಥ ಪದಗಳಿಗೆ 'ಹಪಾಕ್ಸ್ ಲೆಗೋಮೆನಾ', ಅಂದರೆ ಒಮ್ಮೆ ಹೇಳಿದ ಮಾತುಗಳು, ಎಂದು ಹೆಸರು. ನಾವು ಇಲ್ಲಿ ಅವನ್ನು ಒಮ್ಮೆನುಡಿಗಳು ಎಂದು ಕರೆಯೋಣ. ಹೋಮರನ ಟೀಕಾಕಾರರಿಗೆ ತಲೆನೋವಾಗಿದ್ದ ಈ ಮಾತುಗಳೇ 20ನೆಯ ಶತಮಾನದಲ್ಲಿ ಭಾಷೆಯ ನಾಡಿ ನೋಡುವ ಸಾಧನಗಳಾದುವು.

ಅದು ಹೇಗೆಂಬುದನ್ನು ನಮ್ಮ ಭಾಲ್ಕಿಯ ರೈಲು ಸ್ಟೇಷನ್ನಿನಲ್ಲಿ ನಿಂತು ತಿಳಿಯಬಹುದು. ಬಾಗಿಲಲ್ಲಿ ಟಿಕೆಟ್ಟು ನೋಡುವವನೊಬ್ಬ, ಎದುರಿಗೆ ಬರುವ ಮುಖಗಳನ್ನು ನೆನಪಿಟ್ಟುಕೊಳ್ಳುತ್ತಾನೆಂದು ಭಾವಿಸಿ. ಕೆಲವು ದಿನಗಳಲ್ಲಿ ಒಟ್ಟು 1000 ಸಲ ಜನ ಹಾದುಹೋದರು. ಅವರಲ್ಲಿ ಬೀದರಿಗೆ ದಿನವೂ ಕೆಲಸಕ್ಕೆ ಹೋಗುವ ಗುಮಾಸ್ತರು ಹತ್ತು ಹತ್ತು ಸಲ ಕಂಡವರು. 50 ಮುಖಗಳು ಮಾತ್ರ ಒಂದೇ ಸಲ ಕಂಡವು. ಈಗ ಬರಲಿರುವ ಮುಂದಿನ ಮನುಷ್ಯ ಹೊಚ್ಚ ಹೊಸಬನಾಗಿರುವ ಸಂಭವ ಎಷ್ಟು? 1000ಕ್ಕೆ 50, ಅಂದರೆ ಇಪ್ಪತ್ತಕ್ಕೆ ಒಂದು ಎಂಬುದು ಉತ್ತರ. ಒಂದೇ ಸಲ ಕಂಡ ಮುಖಗಳು ಬಹಳವಿದ್ದರೆ ಆ ಊರಿಗೆ ಹೊಸಬರು ಬರುತ್ತಲೇ ಇದ್ದಾರೆಂದು ಅರ್ಥ. ಒಂದೂ ಇಲ್ಲದಿದ್ದರೆ ಬರುವವರೆಲ್ಲ ಬಂದಾಗಿದೆ. ಈ ಸೂತ್ರವನ್ನು 1953ರಲ್ಲಿ ಪ್ರಕಟಿಸಿದವರು ಇಂಗ್ಲೆಂಡಿನ ಗಣಿತಜ್ಞ ಗುಡ್. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಗುಪ್ತಲಿಪಿಯನ್ನು ಒಡೆಯುವ ಕೆಲಸದಲ್ಲಿ ಅವರು ಆಲನ್ ಟ್ಯೂರಿಂಗರ ಸಹಾಯಕರಾಗಿದ್ದರು. ಸೂತ್ರದ ಮೂಲ ಟ್ಯೂರಿಂಗರದೆಂದು ಅವರೇ ಹೇಳಿದ್ದಾರೆ.

ಇದನ್ನು ಪ್ರತ್ಯಯಗಳ ಮೇಲೆ ಪ್ರಯೋಗಿಸಿದವರು ಹಾಲೆಂಡಿನ ಹರಾಲ್ಡ್ ಬಾಯನ್. 1989ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ಅವರು ಹೇಳಿದ್ದು ಇಷ್ಟು: ದೊಡ್ಡದೊಂದು ಪಠ್ಯಕಣಜವನ್ನು, ಎಂದರೆ ಪುಸ್ತಕ ಪತ್ರಿಕೆಗಳ ರಾಶಿಯನ್ನು, ತೆಗೆದುಕೊಳ್ಳಿ. ಒಂದು ಪ್ರತ್ಯಯವುಳ್ಳ ಪದಗಳೆಲ್ಲ ಸೇರಿ ಅದರಲ್ಲಿ ಒಟ್ಟು ಎಷ್ಟು ಸಲ ಬಂದಿವೆ ಎಂದು ಎಣಿಸಿ. ಅವುಗಳಲ್ಲಿ ಒಂದೇ ಸಲ ಬಂದ ಪದಗಳೆಷ್ಟು ಎಂದು ಎಣಿಸಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಬಂದ ಭಾಗಲಬ್ಧವೇ ಆ ಪ್ರತ್ಯಯದ ಹುಟ್ಟಿಸುವ ಶಕ್ತಿ.

ಅವರೂ ಅಮೆರಿಕದ ರೊಷೆಲ್ ಲೀಬರರೂ 1991ರಲ್ಲಿ ಇಂಗ್ಲಿಷಿನ ಎರಡು ಪ್ರತ್ಯಯಗಳನ್ನು ಹೀಗೆ ತೂಗಿ ನೋಡಿದರು. ಒಂದು ಅವರ ಮನೆಯದಾದ 'ನೆಸ್'; 'ಕೈಂಡ್‌ನೆಸ್' ಎಂಬಲ್ಲಿ ಇರುವಂಥದು. ಇನ್ನೊಂದು 'ಇಟಿ', 'ಪ್ಯೂರಿಟಿ' ಎಂಬಲ್ಲಿ ಇರುವಂಥದು. ಇದು 1066ರ ನಾರ್ಮನ್ ವಿಜಯದ ನಂತರ ಆಳುವವರ ಫ್ರೆಂಚಿನಿಂದಲೂ ಪಂಡಿತರ ಲ್ಯಾಟಿನ್ನಿನಿಂದಲೂ ಬಂದದ್ದು. ನಮ್ಮ ಗಾರ ಮತ್ತು ದಾರಗಳ ನೆಂಟರೆಂದೇ ಹೇಳಬಹುದು.

ಸುಮಾರು 1 ಕೋಟಿ 80 ಲಕ್ಷ ಪದಗಳ ಕಣಜದಲ್ಲಿ 'ಇಟಿ' 42,252 ಸಲ ಬಂದಿತ್ತು. 'ನೆಸ್' ಬಂದದ್ದು 17,481 ಸಲ. ಹೀಗೆ ನೋಡಿದರೆ ಆಳುವವರ ಪ್ರತ್ಯಯವೇ ಎರಡೂವರೆ ಪಾಲಿನಷ್ಟು ಮುಂದು. ಬೇರೆ ಬೇರೆ ಪದಗಳೆಷ್ಟು ಎಂದು ನೋಡಿದರೆ 'ಇಟಿ'ಗೆ 405, 'ನೆಸ್'ಗೆ 497, ಹೆಚ್ಚುಕಡಮೆ ಸರಿಜೋಡಿ. ಒಮ್ಮೆನುಡಿಗಳನ್ನು ಎಣಿಸಿದರೆ 'ಇಟಿ'ಗೆ 29, 'ನೆಸ್'ಗೆ 77. ಈಗ ಭಾಗಿಸಿ ನೋಡಿ. 'ಇಟಿ' ಇರುವ ಪದವನ್ನು ಓದುತ್ತ ಹೋದರೆ ಸುಮಾರು 1457 ಸಲಕ್ಕೆ ಒಂದು ಸಲ ಹೊಸ ಪದ ಎದುರಾದೀತು. 'ನೆಸ್' ಆದರೆ 227 ಸಲಕ್ಕೇ ಒಂದು. ಮನೆಯ ಪ್ರತ್ಯಯ ಆರು ಪಾಲಿಗಿಂತ ಹೆಚ್ಚು ಫಲವತ್ತು! ಒಂದೇ ರಾಶಿ, ಮೂರು ಬಗೆಯ ಎಣಿಕೆ, ಮೂರು ಬೇರೆ ತೀರ್ಪು. ಮೊದಲ ಎರಡು ಎಣಿಕೆಗಳು ಹಿಂದೆ ನಡೆದುಹೋದದ್ದನ್ನು ಹೇಳುತ್ತವೆ. ಮುಂದೆ ಬರಲಿರುವುದನ್ನು ಮೂರನೆಯದು ಮಾತ್ರ ಹೇಳುತ್ತದೆ.

ಇಷ್ಟು ಓದಿದಾಗ ನನಗಾದ ಉತ್ಸಾಹ ಅಷ್ಟಿಷ್ಟಲ್ಲ. ಕನ್ನಡದಲ್ಲಿಯೂ ದೊಡ್ಡ ಕಣಜಗಳಿಲ್ಲದಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ 1990ರ ದಶಕದಲ್ಲಿ ಸುಮಾರು 30 ಲಕ್ಷ ಕನ್ನಡ ಪದಗಳ ಕಣಜವನ್ನು ಕಟ್ಟಿದರು. ಈಗ ಅದಕ್ಕಿಂತ ದೊಡ್ಡವೂ ಇವೆ. ಆದರೆ ಇಂಗ್ಲಿಷಿನ ಲೆಕ್ಕವನ್ನು ಹಾಗೆಯೇ ತಂದು ಕನ್ನಡದ ಮೇಲೆ ಇಟ್ಟರೆ ಏನಾಗುತ್ತದೆಂಬುದು, ನನ್ನ ಪತ್ರಿಕೆಯ ಚೀಟಿಗಳ ಮೇಲೆ ಅದನ್ನು ಪ್ರಯೋಗಿಸಿದಾಗ ಗೊತ್ತಾಯಿತು. ಒಮ್ಮೆನುಡಿಗಳು ಮಳೆಗಾಲದ ಅಣಬೆಯಂತೆ ಎದ್ದುವು. ಅವುಗಳಲ್ಲಿ ಬಹುಪಾಲು ಹುಸಿ.

ಮೊದಲನೆಯ ಹುಸಿ ವಿಭಕ್ತಿಯಿಂದ ಹುಟ್ಟುವುದು. ಕನ್ನಡದಲ್ಲಿ ಪಾಲುದಾರನು, ಪಾಲುದಾರನಿಗೆ, ಪಾಲುದಾರರಿಂದ, ಪಾಲುದಾರನಾಗಿದ್ದರೂ ಎಂದು ಒಂದೇ ಪದ ಹತ್ತಾರು ವೇಷ ಹಾಕುತ್ತದೆ. ಯಂತ್ರಕ್ಕಾಗಲಿ ಅವಸರದ ಮನುಷ್ಯನಿಗಾಗಲಿ ಪ್ರತಿಯೊಂದು ವೇಷವೂ ಬೇರೆ ಪದವಾಗಿ ಕಾಣುತ್ತದೆ. ವೇಷ ಕಳಚಿ ಮೂಲರೂಪಕ್ಕೆ ತಂದ ಮೇಲೆಯೇ ಎಣಿಸಬೇಕು. ಎರಡನೆಯದು ಕಾಗುಣಿತದಿಂದ ಹುಟ್ಟುವುದು. ತಹಸೀಲ್ದಾರ, ತಹಶೀಲದಾರ, ತಹಸಿಲ್ದಾರ ಎಂದು ಒಬ್ಬನೇ ಅಧಿಕಾರಿ ಮೂರು ಅವತಾರ ತಾಳುತ್ತಾನೆ. ಮುದ್ರಾರಾಕ್ಷಸನ ಕೃಪೆಯಿಂದ ನಾಲ್ಕನೆಯದೂ ಹುಟ್ಟಬಹುದು. ಅದು ಒಂದೇ ಸಲ ಬರುವುದರಿಂದ ನೇರವಾಗಿ ಒಮ್ಮೆನುಡಿಗಳ ಸಾಲಿನಲ್ಲಿ ಬಂದು ಕೂಡುತ್ತದೆ.

ಮೂರನೆಯ ಹುಸಿ ಎಲ್ಲಕ್ಕಿಂತ ಸೊಗಸಾದದ್ದು. ಕೊನೆಯಲ್ಲಿ 'ದಾರ' ಇದ್ದಮಾತ್ರಕ್ಕೆ ಅದು ಪ್ರತ್ಯಯವಲ್ಲ. ಮಂದಾರ ಹೂವು, ಕೇದಾರ ಕ್ಷೇತ್ರ, ಉದಾರ ಗುಣ. ಸಾಲದ್ದಕ್ಕೆ ದಾರ ಎಂಬುದೇ ನೂಲಿಗೆ ಹೆಸರು. ಸೊಂಟಕ್ಕೆ ಕಟ್ಟುವ ಉಡಿದಾರವನ್ನು ನಾನು ಒಂದು ದಿನವೆಲ್ಲ 'ಉಡಿಯನ್ನು ಹೊಂದಿದವನು' ಎಂದು ಎಣಿಸಿಕೊಂಡಿದ್ದೆ! 'ಗಾರ'ದ ಕಡೆ ಬಂಗಾರ, ಸಿಂಗಾರ, ಉದ್ಗಾರಗಳು ಹೀಗೆಯೇ ಕಾಡುತ್ತವೆ. ನಮ್ಮ ಗಡಿಸೀಮೆಯಲ್ಲಿ ಇನ್ನೊಂದು ಮೋಸವುಂಟು. ಔರಾದ, ಭಾಲ್ಕಿಗಳ ಕಡೆ ಅಪರಾಧಿಗೆ ಗುನ್ಹೇಗಾರ ಎನ್ನುವುದುಂಟು. ಇದು ಕನ್ನಡದ 'ಗಾರ'ವೆಂದೇ ಕಿವಿಗೆ ಕೇಳಿಸುತ್ತದೆ. ಆದರೆ ಇಲ್ಲಿಯ 'ಗಾರ' ಪಾರಸಿಯ ಬೇರೊಂದು ಪ್ರತ್ಯಯ; ಪದ ಇಡಿಯಾಗಿ ಉರ್ದು, ಮರಾಠಿಗಳ ಮೂಲಕ ಒಳಗೆ ಬಂದದ್ದು. ಇಬ್ಬರು ಅಪರಿಚಿತರಿಗೆ ಒಂದೇ ಮುಖವಿದ್ದಂತೆ.

ಈ ಹುಸಿಗಳಿಂದ ಲೆಕ್ಕ ಎಷ್ಟು ಕೆಡುತ್ತದೆಂಬುದು ತಿಳಿಯಲೆಂದು ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. 'ದಾರ' ಇರುವ ಪದಗಳು ಒಂದು ಕಣಜದಲ್ಲಿ 2000 ಸಲ ಬಂದವೆಂದೂ, ಮೊದಲ ನೋಟಕ್ಕೆ 40 ಒಮ್ಮೆನುಡಿಗಳು ಕಂಡವೆಂದೂ ಇಟ್ಟುಕೊಳ್ಳೋಣ. ಐವತ್ತಕ್ಕೆ ಒಂದು ಹೊಸ ಪದ. ಬಹಳ ಫಲವತ್ತು ಎನ್ನಿಸುತ್ತದೆ. ಅವುಗಳಲ್ಲಿ ವಿಭಕ್ತಿಯ ವೇಷದವು 14, ಕಾಗುಣಿತದವು 10, ಉಡಿದಾರದಂಥವು 6 ಎಂದಾದರೆ ನಿಜವಾಗಿ ಉಳಿಯುವುದು 10. ಇನ್ನೂರಕ್ಕೆ ಒಂದು! ಶಕ್ತಿ ಕಾಲುಭಾಗಕ್ಕೆ ಇಳಿಯಿತು. ಆದ್ದರಿಂದ ಒಮ್ಮೆನುಡಿಗಳನ್ನು ಒಂದೊಂದಾಗಿ, ಅವು ಬಂದ ವಾಕ್ಯದೊಡನೆ, ಕಣ್ಣಿಟ್ಟು ಓದದೆ ಯಾರಾದರೂ ಕನ್ನಡದ ಪ್ರತ್ಯಯಗಳ ಬಗ್ಗೆ ದೊಡ್ಡ ಅಂಕಿ ಹೇಳಿದರೆ ಕೂಡಲೆ ನಂಬಬಾರದು.

ಇನ್ನೊಂದು ಎಚ್ಚರಿಕೆಯೂ ಬೇಕು. ಸ್ಟೇಷನ್ನಿನಲ್ಲಿ ಮೊದಲ ದಿನ ನಿಂತವನಿಗೆ ಎಲ್ಲರೂ ಹೊಸಬರೇ. ಹಾಗೆಯೇ ಒಂದು ಪ್ರತ್ಯಯದ ಪದಗಳನ್ನು ಕೆಲವೇ ಸಲ ಕಂಡಿದ್ದರೆ ಅವುಗಳಲ್ಲಿ ಒಮ್ಮೆನುಡಿಗಳ ಪಾಲು ತಾನಾಗಿಯೇ ಹೆಚ್ಚಿರುತ್ತದೆ. ಓದುತ್ತ ಹೋದಂತೆ ಅದು ಇಳಿಯುತ್ತದೆ. ಅಪರೂಪವಾದ 'ಇಗ'ವನ್ನೂ ಹೆಜ್ಜೆಗೊಮ್ಮೆ ಎದುರಾಗುವ 'ದಾರ'ವನ್ನೂ ಒಂದೇ ರಾಶಿಯಿಂದ ತೆಗೆದು ಭಾಗಿಸಿದರೆ, 'ಇಗ'ಕ್ಕೆ ಇಲ್ಲದ ಬಲವನ್ನು ಹೊರಿಸಿದಂತಾಗುತ್ತದೆ. ಇಟಲಿಯ ಗಾಯೆಟ ಮತ್ತು ರಿಕ್ಕ ಎಂಬ ವಿದ್ವಾಂಸರು 2006ರಲ್ಲಿ ಇದಕ್ಕೆ ಪರಿಹಾರ ಹೇಳಿದರು. ಎರಡು ಪ್ರತ್ಯಯಗಳೂ ಸಮಸಂಖ್ಯೆಯ ಸಲ ಬರುವವರೆಗೆ ಓದಬೇಕು. ಒಂದಕ್ಕೆ ಚಿಕ್ಕ ರಾಶಿ ಸಾಕಾದರೆ ಇನ್ನೊಂದಕ್ಕೆ ದೊಡ್ಡದು ಬೇಕಾದೀತು. ತಕ್ಕಡಿಯ ಎರಡು ತಟ್ಟೆಗಳಲ್ಲೂ ಸಮನಾದ ಕಲ್ಲಿಟ್ಟ ಮೇಲೆಯೇ ಒಮ್ಮೆನುಡಿಗಳನ್ನು ಹೋಲಿಸಬೇಕು.

ಒಮ್ಮೆನುಡಿಯೆಂದರೆ ಹೊಸನುಡಿಯೇ ಎಂದೂ ತಿಳಿಯಬಾರದು. ಮೂಲೆಗೆ ಬಿದ್ದ ಹಳೆಯ ಪದವೊಂದು ಯಾವನೋ ಪಂಡಿತನ ಲೇಖನದಲ್ಲಿ ಒಮ್ಮೆ ತಲೆಯೆತ್ತಿರಬಹುದು. ಒಂದೊಂದು ಪದದ ವಿಷಯದಲ್ಲಿ ಈ ಲೆಕ್ಕ ಏನನ್ನೂ ಸಾಧಿಸುವುದಿಲ್ಲ. ಗುಂಪಾಗಿ ನೋಡಿದಾಗ ಮಾತ್ರ, ಹೊಸಬರು ಇದ್ದರೆ ಈ ಗುಂಪಿನಲ್ಲಿಯೇ ಇರುತ್ತಾರೆ ಎಂದು ಧೈರ್ಯವಾಗಿ ಹೇಳಬಹುದು.

ಹೀಗೆ ಜರಡಿ ಹಿಡಿದು ಉಳಿದ ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಾಗ, ಅಂಕಿಗಿಂತ ಮೊದಲು ಬೇರೊಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ದಾರ ಮತ್ತು ಗಾರ ಒಂದೇ ಬಾವಿಯಲ್ಲಿ ನೀರು ಸೇದುತ್ತಿದ್ದರೂ ಬೇರೆ ಬೇರೆ ಹೊಲಕ್ಕೆ ಹಾಯಿಸುತ್ತಿದ್ದುವು. ಗಾರ ಹತ್ತಿದ ಪದಗಳನ್ನು ನೋಡಿ: ಮಾತುಗಾರ, ಹಾಡುಗಾರ, ಆಟಗಾರ, ಬರಹಗಾರ, ಮೋಸಗಾರ. ಇವೆಲ್ಲ ಒಬ್ಬನ ಕಸುಬು, ಕೌಶಲ, ಅಥವಾ ಚಾಳಿ. ದಾರ ಹತ್ತಿದವನ್ನು ನೋಡಿ: ಪಾಲುದಾರ, ಬಾಡಿಗೆದಾರ, ಗುತ್ತಿಗೆದಾರ, ಚಂದಾದಾರ, ಷೇರುದಾರ, ಠೇವಣಿದಾರ. ಇವೆಲ್ಲ ಒಬ್ಬನು ಹಿಡಿದಿರುವ ಹಕ್ಕು, ಪಾಲು, ಕರಾರು. ನಾಲ್ಕು ಜನರ ಒಪ್ಪಿಗೆಯಿಂದ, ಕಾಗದ ಪತ್ರದಿಂದ, ಸದ್ಯಕ್ಕೆ ಅವನ ಕೈಗೆ ಬಂದದ್ದು. ಎರಡು ಹೊಲಗಳ ನಡುವಣ ಬದುವಿನ ಮೇಲೆ ಸಾಲಗಾರನೊಬ್ಬ ನಿಂತಿದ್ದಾನೆ. ಅವನು ಹಿಡಿದಿರುವುದು ಸಾಲವಾದರೂ ಹೆಸರು ಗಾರ; ಬಹುಶಃ ಹಳೆಯ ಪದವಾದ್ದರಿಂದ ಹೊಸ ಹಂಚಿಕೆಗೆ ಸಿಕ್ಕದೆ ಉಳಿದಿರಬೇಕು.

ಮತ್ತೂ ಒಂದು ವಿಶೇಷ. ಜಾಗೀರದಾರ, ಫೌಜದಾರ ಮುಂತಾದುವು ಇಡಿಯಾಗಿ ಬಂದ ಪದಗಳು. ಅವನ್ನು ಕಂಡು ಕನ್ನಡವು ಪ್ರತ್ಯಯವನ್ನು ಸ್ವೀಕರಿಸಿತೆನ್ನಲಾಗದು. ಆದರೆ ಪಾಲುದಾರನಲ್ಲಿರುವ ಪಾಲು, ಗುತ್ತಿಗೆದಾರನಲ್ಲಿರುವ ಗುತ್ತಿಗೆ ನಮ್ಮವು. ಇವನ್ನು ಕಟ್ಟಿದವರು ಯಾವ ಸುಲ್ತಾನರೂ ಅಲ್ಲ, ಕನ್ನಡಿಗರೇ. ಜಾಗೀರುಗಳು 1949ರಲ್ಲಿ ರದ್ದಾದುವು, ಜಾಗೀರದಾರನು ಹೋದನು, ಆದರೆ ಅವನ ಬಾಲ ಉಳಿದು ಚಿಗುರಿತು. ಗಣಕಯಂತ್ರ ಬಂದಾಗ ಅದನ್ನು ಉಪಯೋಗಿಸುವವನಿಗೆ ಕನ್ನಡದಲ್ಲಿ ಒಂದು ಹೆಸರು ಬೇಕಾಯಿತು. ಬೆಂಗಳೂರಿನ ಕಡೆಯವರೂ ನಮ್ಮ ಕಡೆಯವರೂ ಒಂದೇ ಹೆಸರು ಒಪ್ಪಿಕೊಂಡರು: ಬಳಕೆದಾರ. ಅಚ್ಚಗನ್ನಡದ ಬಳಕೆ, ಪಾರಸಿಯ ದಾರ. ನಮ್ಮನ್ನು ಅರ್ಧ ಉರ್ದು ಎಂದು ನಗೆಯಾಡಿದ ಆ ಗೆಳೆಯರ ಮೊಮ್ಮಕ್ಕಳು ಇಂದು ದಿನಕ್ಕೆ ಹತ್ತು ಸಲ ಆ ಪದವನ್ನು ತೆರೆಯ ಮೇಲೆ ಓದುತ್ತಿರಬೇಕು.

ಎದುರು ದಿಕ್ಕಿನಿಂದಲೂ ಇದೇ ಸಾಕ್ಷಿ ಸಿಗುತ್ತದೆ. 'ಬೇಜವಾಬ್ದಾರಿತನ' ಎಂಬ ಪದವನ್ನು ಬಿಡಿಸಿ ನೋಡಿ. ಬೇ ಪಾರಸಿಯದು, ಜವಾಬು ಅರಬ್ಬಿಯದು, ದಾರ ಪಾರಸಿಯದು, ಅದರ ಮೇಲಿನ 'ಇ'ಕಾರವೂ ಅಲ್ಲಿಯದೇ. ಇಷ್ಟು ದೊಡ್ಡ ಪರದೇಶಿ ಮೆರವಣಿಗೆಯ ಕೊನೆಯಲ್ಲಿ ಬಾಗಿಲು ಹಾಕಿಕೊಳ್ಳುವುದು ನಮ್ಮ 'ತನ'. ಪದಗಳ ಕುಲಗೋತ್ರ ನೋಡಿ ಭಾಷೆಯನ್ನು ಅಳೆಯುವವನು ಇದನ್ನು ಕಲಬೆರಕೆ ಎಂದಾನು. ಪ್ರತ್ಯಯದ ಶಕ್ತಿಯನ್ನು ಅಳೆಯುವವನು, ಹೊರಗಿನಿಂದ ಬಂದದ್ದನ್ನು ತನ್ನದಾಗಿ ಮಾಡಿಕೊಳ್ಳುವ ತ್ರಾಣ ಇಲ್ಲಿ ಕಾಣುತ್ತದೆ ಎಂದಾನು. ನಾನು ಬಹುಕಾಲ ಮೊದಲನೆಯವನಾಗಿದ್ದೆ.

ಹಾಗಾದರೆ 'ಪಾಳಿದಾರ'? ಪಾಳಿ ಎಂಬುದು ಕಸುಬಲ್ಲ, ಚಾಳಿಯಲ್ಲ. ಊರ ಒಪ್ಪಿಗೆಯಿಂದ ಒಂದು ದಿನದ ಮಟ್ಟಿಗೆ ಒಬ್ಬನ ಕೈಗೆ ಬರುವ ಹಕ್ಕು. ಅದನ್ನು ಹಿಡಿದವನು ದಾರನೇ ಹೊರತು ಗಾರನಲ್ಲ. ಹದಿನಾಲ್ಕು ವರ್ಷದ ಆ ಹುಡುಗ ಯಾವ ಸೂತ್ರವನ್ನೂ ಓದಿರಲಿಲ್ಲ; ಎರಡು ಪ್ರತ್ಯಯಗಳ ನಡುವಣ ಬದು ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ನನ್ನ 'ಪಾಳಿಗಾರ' ವ್ಯಾಕರಣದ ಪುಸ್ತಕದಿಂದ ಬಂದದ್ದು. ಅದು ಆ ಹೊಲದಲ್ಲಿ ನಿಲ್ಲದೆ ಪಾಳೇಗಾರನ ಕುದುರೆಯೇರಿ ಹೋಯಿತು. ನಾನು ನಿಘಂಟಿನಲ್ಲಿ ಹುಡುಕಿದ್ದೇ ತಪ್ಪು. ಪ್ರತ್ಯಯ ಜೀವಂತವಾಗಿದೆಯೆಂಬುದಕ್ಕೆ ಸಾಕ್ಷಿ ಹೇಳುವ ಪದ ನಿಘಂಟಿನಲ್ಲಿ ಇರುವುದಿಲ್ಲ. ಇಲ್ಲದಿರುವುದೇ ಅದರ ಗುರುತು.

ಇಲ್ಲಿಯೇ ಕಣಜಗಳ ಮಿತಿಯೂ ಕಾಣುತ್ತದೆ. ಅವು ತುಂಬಿರುವುದು ಬಹುಮಟ್ಟಿಗೆ ಅಚ್ಚಾದ ಬರಹದಿಂದ. ಔರಾದದ ಬಾವಿಕಟ್ಟೆಯ ಮಾತು ಅಚ್ಚಿಗೆ ಹೋಗುವುದು ಅಪರೂಪ. ಹೋದರೂ ನನ್ನಂಥವನ ಕೆಂಪು ಶಾಯಿಯನ್ನು ದಾಟಿಯೇ ಹೋಗಬೇಕು. ತಿದ್ದುವವನ ಕೈ ಮೊದಲು ಬೀಳುವುದು ಹಿಂದೆಂದೂ ಕಾಣದ ಪದದ ಮೇಲೆ, ಅಂದರೆ ಒಮ್ಮೆನುಡಿಯ ಮೇಲೆ. ಹೀಗಾಗಿ ನಮ್ಮ ಸೀಮೆಯ ಕನ್ನಡದ ಶಕ್ತಿಯನ್ನು ಅಳೆಯುವ ಚೀಟಿಗಳೇ ಅಳತೆಗೆ ಮುಂಚೆ ಕಸದ ಬುಟ್ಟಿಗೆ ಬೀಳುತ್ತವೆ. ಬೀದರ, ಭಾಲ್ಕಿ, ಔರಾದಗಳ ಮಾತನ್ನು ತೂಗಬೇಕಾದರೆ ಸಂತೆ, ಬಾವಿಕಟ್ಟೆ, ಪಂಚಾಯತಿ ಕಟ್ಟೆಗಳ ಮಾತನ್ನು ತಿದ್ದದೆ ಬರೆದಿಟ್ಟು, ಬೇರೆಯೇ ರಾಶಿ ಮಾಡಬೇಕು. ಬರಹದ ರಾಶಿಯೊಡನೆ ಅದನ್ನು ಕಲಸದೆ ಸಮತೂಕದಲ್ಲಿ ಹೋಲಿಸಬೇಕು.

ಕಳೆದ ವರ್ಷ ಆ ಹುಡುಗ, ಈಗ ಅವನಿಗೂ ತಲೆ ನೆರೆತಿದೆ, ಮಗಳ ಮದುವೆಯ ಕಾಗದ ಕೊಡಲು ಬೀದರಿನ ನಮ್ಮ ಮನೆಗೆ ಬಂದಿದ್ದ. ಚಹ ಕುಡಿಯುತ್ತ, 'ನಿಮ್ಮ ಬಾವಿಯ ಪಾಳಿದಾರ ಈಗ ಯಾರಪ್ಪಾ?' ಎಂದು ಕೇಳಿದೆ. ಅವನಿಗೆ ನೆನಪೇ ಇರಲಿಲ್ಲ. 'ಪಾಳಿ ಎಲ್ಲದರಿ ಸರ್ ಈಗ? ಬಾವಿ ಬತ್ತಿ ಭಾಳ ದಿನ ಆಯ್ತು. ಬೋರ್ ಹಾಕೀವಿ. ಕರೆಂಟ್ ಬಂದಾಗ ನೀರು' ಎಂದ. ಪಾಳಿಯೊಡನೆ ಪದವೂ ಹೋಯಿತಲ್ಲಾ ಎಂದು ನಾನು ಸುಮ್ಮನಾದೆ. ಅವನು ಮುಂದುವರಿಸಿ, 'ಅದ್ರಾಗೂ ಜಗಳ ಅದರಿ. ಮೀಟರ್ ಅಣ್ಣನ ಹೆಸರಿಗಿ ಅದ. ಅಂವ ಮೀಟರದಾರ, ನಾ ಬರೇ ನೀರ್ ಬಿಡಾಂವ' ಎಂದು ನಕ್ಕ.

ಅವನು ಹೋದಮೇಲೆ ಒಂದು ಚೀಟಿ ತೆಗೆದು, ತಾರೀಖು ಹಾಕಿ, ಆ ಪದವನ್ನು ಬರೆದಿಟ್ಟೆ. ಈ ಸಲ ಕಪ್ಪು ಶಾಯಿಯಲ್ಲಿ.